ಮೊದಲ ರಿವ್ಯೂಗೆ ದರ ಇಳಿಸಬೇಡಿ, ಕೆಲಸವನ್ನು ಚಿಕ್ಕದು ಮಾಡಿ

ನಾನು ಪ್ರೆಸೆಂಟೇಶನ್ ಸ್ಲೈಡ್ ಡಿಸೈನ್ ಮಾಡುತ್ತೇನೆ. ಮೊದಲು ಒಂದು ಫ್ರೀಲ್ಯಾನ್ಸ್ ಸೈಟ್‌ನಲ್ಲಿ ಪ್ರೊಫೈಲ್ ತೆರೆದಾಗ, ಹೇಗಾದರೂ ಒಂದು ರಿವ್ಯೂ ಬರಲಿ ಅಂತ 20 ಸ್ಲೈಡಿನ ಕೆಲಸವನ್ನು ನನ್ನ ದರದ ಕಾಲು ಭಾಗಕ್ಕೆ ಒಪ್ಪಿಕೊಂಡೆ. ಎಷ್ಟು ಸಲ ತಿದ್ದಿಕೊಡುತ್ತೇನೆ ಅಂತ ಬರೆದಿರಲಿಲ್ಲ. 14 ಗಂಟೆಯ ಕೆಲಸ 22 ಗಂಟೆಗೆ ಹೋಯಿತು. ಕೊನೆಗೆ ಬಂದ ರಿವ್ಯೂನಲ್ಲಿ ಇದ್ದದ್ದು ಒಂದೇ ಸಾಲು: ಕಡಿಮೆ ಬೆಲೆಗೆ ಪರವಾಗಿಲ್ಲ. ಸಿಕ್ಕ ಹಣವೂ ಪ್ರೊಫೈಲ್‌ನಲ್ಲಿ ಎಲ್ಲರಿಗೂ ಕಾಣುತ್ತಿತ್ತು. ಮುಂದೆ ಬಂದವರು "ಅವರಿಗೆ ಅಷ್ಟಕ್ಕೆ ಮಾಡಿಕೊಟ್ಟಿದ್ದೀರಿ, ನಮಗೂ ಅದೇ ರೇಟ್ ಅಲ್ವಾ?" ಅಂದರು. ಅವರ ಲೆಕ್ಕದಲ್ಲಿ ನನ್ನ ದರವೇ ಅಷ್ಟಾಗಿತ್ತು.

ಆಮೇಲೆ ಅಪ್‌ವರ್ಕ್ ಅನ್ನುವ ಇನ್ನೊಂದು ಫ್ರೀಲ್ಯಾನ್ಸ್ ಸೈಟ್‌ನಲ್ಲಿ ಮತ್ತೆ ಸೊನ್ನೆಯಿಂದ ಶುರು ಮಾಡಿದೆ. ಈ ಸಲ ದರ ಮುಟ್ಟಲಿಲ್ಲ. ಮೂರೇ ಸ್ಲೈಡಿನ ಒಂದು ಚಿಕ್ಕ ಆಫರ್ ಮಾಡಿಕೊಂಡೆ: ಮೊದಲ ಪುಟ, ಅಂಕಿಅಂಶ ಇರುವ ಒಂದು ಸ್ಲೈಡ್, ಬರಹ ಜಾಸ್ತಿ ಇರುವ ಒಂದು ಸ್ಲೈಡ್. ಈ ಮೂರನ್ನೇ ಆರಿಸಲು ಕಾರಣ ಇದೆ. ಇವು ಸರಿಯಾದರೆ ಉಳಿದ ಸ್ಲೈಡ್‌ಗಳನ್ನು ಕ್ಲೈಂಟ್ ತಾನೇ ಅದೇ ಮಾದರಿಯಲ್ಲಿ ಮಾಡಿಕೊಳ್ಳಬಹುದು. ಅಂದರೆ ಅವರಿಗೆ ಸಿಕ್ಕಿದ್ದು ಬರೀ ಸ್ಯಾಂಪಲ್ ಅಲ್ಲ, ನಾಳೆಯೇ ಬಳಸಬಹುದಾದ ವಸ್ತು. ಬಳಸಿದವರಿಗೆ ಮಾತ್ರ ರಿವ್ಯೂನಲ್ಲಿ ಬರೆಯಲು ಏನಾದರೂ ಇರುತ್ತದೆ.

ಹಣದ ಲೆಕ್ಕ ಹೀಗಿತ್ತು. ನನಗೆ ಒಂದು ಸ್ಲೈಡಿಗೆ ಸುಮಾರು 40 ನಿಮಿಷ ಬೇಕು. ಮೂರಕ್ಕೆ 2 ಗಂಟೆ. ಆದರೆ ಕ್ಲೈಂಟ್ ಜೊತೆ ಮಾತಾಡುವುದು, ಅವರ ಲೋಗೋ, ಬಣ್ಣ, ಫಾಂಟ್ ಜೋಡಿಸಿಕೊಳ್ಳುವುದು ಮೂರು ಸ್ಲೈಡಿಗೂ ಅಷ್ಟೇ, ಇಪ್ಪತ್ತಕ್ಕೂ ಅಷ್ಟೇ. ಅದಕ್ಕೆ ಮತ್ತೊಂದು 40 ನಿಮಿಷ. ಹಾಗಾಗಿ ಮೂರು ಸ್ಲೈಡಿಗೆ ನಾಲ್ಕು ಸ್ಲೈಡಿನ ಹಣ ಕೇಳಿದೆ. ಕ್ಲೈಂಟ್ ಕೊಡಬೇಕಾದ ಒಟ್ಟು ಮೊತ್ತ ಚಿಕ್ಕದು. ರಿವ್ಯೂ ಇಲ್ಲದವರನ್ನು ನಂಬಿ ಅಷ್ಟು ಹಣ ಹಾಕಲು ಯಾರೂ ಜಾಸ್ತಿ ಯೋಚಿಸುವುದಿಲ್ಲ. ಆಫರ್‌ನಲ್ಲೇ ಬರೆದೆ: 2 ದಿನದಲ್ಲಿ ಕೊಡುತ್ತೇನೆ, ಒಂದು ಸಲ ತಿದ್ದಿಕೊಡುತ್ತೇನೆ, ಹೊಸ ಸ್ಲೈಡ್ ಸೇರಿಸಿದರೆ ಅದರ ಹಣ ಬೇರೆ.

ಯಾರಿಗೆ ಕಳಿಸಬೇಕು ಅನ್ನುವುದನ್ನೂ ನೋಡಿಕೊಂಡೆ. ಕ್ಲೈಂಟ್ ಹಿಂದೆ ಕೆಲಸ ಮಾಡಿಸಿದ್ದರೆ, ಅವರು ಬರೆದ ರಿವ್ಯೂಗಳು ಕೆಲಸದ ಪೋಸ್ಟಿನ ಕೆಳಗೆ ಕಾಣುತ್ತವೆ. ಎರಡು ಮೂರು ಸಾಲು ಬರೆಯುವ ಅಭ್ಯಾಸ ಇರುವವರು ನನಗೂ ಬರೆಯುತ್ತಾರೆ. ಸುಮ್ನೆ ಸ್ಟಾರ್ ಒತ್ತಿ ಹೋಗುವವರನ್ನು ಬಿಟ್ಟೆ.

ಆಗ 25 ಸ್ಲೈಡ್ ಬೇಕು ಅಂತ ಒಂದು ಪೋಸ್ಟ್ ಬಂತು. "ಮೊದಲು ಮೂರು ಸ್ಲೈಡ್ ಮಾಡಿಕೊಡುತ್ತೇನೆ. ಇಷ್ಟವಾದರೆ ಉಳಿದದ್ದು ಇದೇ ದರದಲ್ಲಿ. ಇಷ್ಟವಾಗದಿದ್ದರೆ ಈ ಮೂರು ನಿಮ್ಮವೇ, ಬೇರೆಯವರ ಕೈಯಲ್ಲಿ ಮುಂದುವರಿಸಿ" ಅಂತ ಬರೆದೆ. ಅವರು ಒಪ್ಪಿದರು, ಆದರೆ 25 ಸ್ಲೈಡಿಗೂ ಒಂದೇ ಕಾಂಟ್ರಾಕ್ಟ್ ಮಾಡಿ, ನನ್ನ ಮೂರನ್ನು ಅದರ ಮೊದಲ ಮೈಲ್‌ಸ್ಟೋನ್, ಅಂದರೆ ಬೇರೆಯಾಗಿ ಹಣ ಕೊಡುವ ಮೊದಲ ಹಂತ, ಮಾಡೋಣ ಅಂದರು. ಇಲ್ಲಿ ಎಚ್ಚರ ಬೇಕು. ಅಪ್‌ವರ್ಕ್‌ನಲ್ಲಿ ರಿವ್ಯೂ ಬರೆಯುವುದು ಕಾಂಟ್ರಾಕ್ಟ್ ಮುಗಿದ ಮೇಲೆ. ಮೈಲ್‌ಸ್ಟೋನ್‌ಗೆ ಹಣ ಬಂದರೂ ಕಾಂಟ್ರಾಕ್ಟ್ ತೆರೆದೇ ಇರುತ್ತದೆ. ದೊಡ್ಡ ಕೆಲಸ ಮೂರು ತಿಂಗಳು ಎಳೆದರೆ ಅಷ್ಟು ದಿನವೂ ಪ್ರೊಫೈಲ್ ಖಾಲಿ. ಆದ್ದರಿಂದ ಮೂರು ಸ್ಲೈಡಿಗೆ ಬೇರೆಯೇ ಕಾಂಟ್ರಾಕ್ಟ್ ಕೇಳಿದೆ. ಕಾರಣವನ್ನೂ ಮುಚ್ಚಿಡದೆ ಹೇಳಿದೆ: "ನನ್ನ ಪ್ರೊಫೈಲ್ ಹೊಸದು. ಚಿಕ್ಕ ಕೆಲಸ ಮುಗಿದರೆ ನೀವು ಅನಿಸಿದ್ದನ್ನು ಬರೆಯಬಹುದು." ಅವರು ಒಪ್ಪಿದರು.

ಫೈಲ್ ಕಳಿಸುವಾಗ ಐದು ಸ್ಟಾರ್ ಕೊಡಿ ಅನ್ನಲಿಲ್ಲ. ರಿವ್ಯೂಗೆ ಬದಲಾಗಿ ಬಿಟ್ಟಿ ಕೆಲಸವನ್ನಾಗಲಿ ರಿಯಾಯಿತಿಯನ್ನಾಗಲಿ ಕೊಡುವುದು ನಿಯಮಕ್ಕೆ ವಿರುದ್ಧ, ಅಕೌಂಟೇ ಹೋಗಬಹುದು. ನಾನು ಬರೆದದ್ದು ಇಷ್ಟೇ: "ಎಲ್ಲ ಸರಿ ಇದ್ದರೆ ಕಾಂಟ್ರಾಕ್ಟ್ ಮುಗಿಸಿ. ರಿವ್ಯೂ ಬರೆಯಲು 14 ದಿನ ಸಮಯ ಇರುತ್ತದೆ. ಅಂಕಿಅಂಶದ ಸ್ಲೈಡ್ ನಿಮ್ಮ ಮೀಟಿಂಗ್‌ನಲ್ಲಿ ಉಪಯೋಗ ಆಯಿತಾ ಅಂತ ಬರೆದರೆ ಮುಂದಿನವರಿಗೆ ನನ್ನ ಕೆಲಸ ಅರ್ಥವಾಗುತ್ತದೆ." ನನ್ನ ಕಡೆಯ ರಿವ್ಯೂವನ್ನು ಅದೇ ದಿನ ಬರೆದೆ. ಇಬ್ಬರೂ ಬರೆಯುವವರೆಗೆ, ಇಲ್ಲವೇ 14 ದಿನ ಮುಗಿಯುವವರೆಗೆ, ಒಬ್ಬರದು ಇನ್ನೊಬ್ಬರಿಗೆ ಕಾಣುವುದಿಲ್ಲ.

ನಾಲ್ಕನೇ ದಿನ ಅವರ ರಿವ್ಯೂ ಬಂತು. ಮೀಟಿಂಗ್‌ನಲ್ಲಿ ಎಲ್ಲರೂ ಆ ಅಂಕಿಅಂಶದ ಸ್ಲೈಡ್ ಬಗ್ಗೆಯೇ ಕೇಳಿದರಂತೆ. ಇಂಥ ಚಿಕ್ಕ ಕೆಲಸ ಇನ್ನೆರಡು ಮಾಡಿ, ಮೂರು ರಿವ್ಯೂ ಆದ ಮೇಲೆ ಆ ಆಫರ್ ಕೊಡುವುದನ್ನು ನಿಲ್ಲಿಸಿದೆ. ಅಷ್ಟರಲ್ಲಿ ಮೊದಲ ಕ್ಲೈಂಟ್ ಉಳಿದ 22 ಸ್ಲೈಡಿಗೆ ಹೊಸ ಕಾಂಟ್ರಾಕ್ಟ್ ಕಳಿಸಿದ್ದರು. ಒಂದು ಸ್ಲೈಡಿಗೆ ಎಷ್ಟು ಅಂತ ಅವರಿಗೆ ಮೊದಲೇ ಗೊತ್ತಿತ್ತು, ದರದ ಮಾತೇ ಬರಲಿಲ್ಲ.