ಸಿರೋಸಿಸ್ ರೋಗಿಯ ಕಿಡ್ನಿ ಕೈಕೊಟ್ಟಾಗ ಮೊದಲ ಎರಡು ದಿನ

ಲಿವರ್ ವಾರ್ಡಿನಲ್ಲಿ ಕೆಲಸ ಮಾಡುವವರಿಗೆ ಈ ಚಿತ್ರ ಹೊಸದಲ್ಲ. ಹೊಟ್ಟೆಯಲ್ಲಿ ನೀರು ತುಂಬಿದ ಸಿರೋಸಿಸ್ ರೋಗಿ, ನಾಲ್ಕು ದಿನದಿಂದ ಮೂತ್ರ ಕಡಿಮೆ, ಕ್ರಿಯಾಟಿನಿನ್ ಏರುತ್ತಿದೆ. ಸ್ಕ್ಯಾನಿನಲ್ಲಿ ಕಿಡ್ನಿ ನೋಡಿದರೆ ಏನೂ ಆಗಿಲ್ಲ. ಹೆಪಟೋರೀನಲ್ ಸಿಂಡ್ರೋಮ್ ಅಂದರೆ ಇದೇ: ಕಿಡ್ನಿಯ ರಚನೆ ಕೆಟ್ಟಿರುವುದಿಲ್ಲ, ಅದಕ್ಕೆ ಸಾಕಷ್ಟು ರಕ್ತ ಬರುತ್ತಿರುವುದಿಲ್ಲ. ಪೋರ್ಟಲ್ ರಕ್ತನಾಳದ ಒತ್ತಡ ಹೆಚ್ಚಿದಾಗ ಕರುಳಿನ ಸುತ್ತಲಿನ ನಾಳಗಳು ಹಿಗ್ಗಿ, ರಕ್ತ ಅಲ್ಲೇ ನಿಲ್ಲುತ್ತದೆ. ಒತ್ತಡ ಕುಸಿಯಿತೆಂದು ದೇಹ ತನ್ನ ಹಾರ್ಮೋನುಗಳನ್ನೆಲ್ಲ ಬಿಡುತ್ತದೆ. ಅವು ಕಿಡ್ನಿಯ ನಾಳಗಳನ್ನೇ ಬಿಗಿಯುತ್ತವೆ. ಚಿಕಿತ್ಸೆಯ ಲೆಕ್ಕವೆಲ್ಲ ಇದರ ಮೇಲೆಯೇ ನಿಂತಿದೆ: ನಾಳದೊಳಗೆ ದ್ರವ ಸಾಕಷ್ಟಿರಬೇಕು, ಹಿಗ್ಗಿದ ನಾಳಗಳು ಕುಗ್ಗಬೇಕು.

ಒಂದು ಮಾದರಿ ರೋಗಿಯನ್ನು ಹಿಡಿದು ನೋಡೋಣ. 52 ವರ್ಷ, ತೂಕ ಸುಮಾರು 60 ಕೆಜಿ, ಮದ್ಯದಿಂದ ಬಂದ ಸಿರೋಸಿಸ್. ಒಂದು ವಾರದ ಹಿಂದೆ ಬೇರೆಡೆ ಹೊಟ್ಟೆಯಿಂದ 7 ಲೀಟರ್ ನೀರು ತೆಗೆದಿದ್ದಾರೆ, ಆಲ್ಬುಮಿನ್ ಕೊಟ್ಟಿಲ್ಲ. ಆಗ ಕ್ರಿಯಾಟಿನಿನ್ 0.8, ಈಗ 1.9. ಬಿಪಿ 96/58, ಅಂದರೆ ಸರಾಸರಿ ಒತ್ತಡ 71ರ ಆಸುಪಾಸು. 5 ಲೀಟರ್‌ಗಿಂತ ಹೆಚ್ಚು ತೆಗೆದರೆ ಪ್ರತಿ ಲೀಟರ್‌ಗೆ 8 ಗ್ರಾಂ ಆಲ್ಬುಮಿನ್ ಕೊಡಬೇಕೆಂಬುದು ಹಳೆಯ ನಿಯಮ. ಇವರಿಗೆ 56 ಗ್ರಾಂ ಬೇಕಿತ್ತು. ನಮ್ಮಲ್ಲಿ ಸಿಗುವ 20 ಶೇಕಡಾ, 100 ಎಂಎಲ್ ಬಾಟಲಿಯಲ್ಲಿ 20 ಗ್ರಾಂ ಇರುತ್ತದೆ, ಹಾಗಾಗಿ ಮೂರು ಬಾಟಲಿ. ದುಬಾರಿ ಎಂದು ಅದನ್ನು ಬಿಡುವವರಿದ್ದಾರೆ. ಆ ಉಳಿತಾಯ ಐಸಿಯು ಬಿಲ್ಲಿನಲ್ಲಿ ಬಡ್ಡಿ ಸಮೇತ ವಾಪಸ್ ಬರುತ್ತದೆ.

ಇಲ್ಲಿ ಮೊದಲು ಎಡವುವುದು ಕ್ರಿಯಾಟಿನಿನ್ ಓದುವಲ್ಲಿ. ಸಿರೋಸಿಸ್ ರೋಗಿಯ ಮಾಂಸಖಂಡ ಕರಗಿರುತ್ತದೆ, ಹಾಗಾಗಿ ಕ್ರಿಯಾಟಿನಿನ್ ಮೊದಲಿನಿಂದಲೂ ಕಡಿಮೆ. 1.2 ಬಂದಾಗ ಲ್ಯಾಬ್ ರಿಪೋರ್ಟಿನಲ್ಲಿ ಕೆಂಪು ಗುರುತು ಬೀಳದೇ ಇರಬಹುದು. ಆದರೆ 0.8ರಿಂದ 1.2ಕ್ಕೆ ಏರಿದರೆ ಅದಾಗಲೇ ಒಂದೂವರೆ ಪಟ್ಟು. 48 ಗಂಟೆಯಲ್ಲಿ 0.3 ಏರಿದರೂ, ಒಂದು ವಾರದಲ್ಲಿ ಒಂದೂವರೆ ಪಟ್ಟಾದರೂ ಕಿಡ್ನಿಗೆ ಪೆಟ್ಟು ಬಿದ್ದಿದೆ ಎಂದೇ ಹಿಡಿಯಬೇಕು. ರೋಗಿಯ ಹಳೆಯ ರಿಪೋರ್ಟು ಹುಡುಕಿಸದೆ ಈ ಲೆಕ್ಕ ಸಿಗುವುದಿಲ್ಲ.

ದಾಖಲಾದ ದಿನವೇ ಸ್ಪೈರೋನೊಲ್ಯಾಕ್ಟೋನ್, ಫ್ರೂಸೆಮೈಡ್ ಎರಡನ್ನೂ ನಿಲ್ಲಿಸಿ. ಬಿಪಿ ಇಷ್ಟು ಕೆಳಗಿರುವಾಗ ಪ್ರೊಪ್ರನೊಲಾಲ್ ಕೂಡ ಬೇಡ. ನೋವಿನ ಮಾತ್ರೆ ನುಂಗಿದ್ದಾರೆಯೇ ಎಂದು ರೋಗಿಯನ್ನು ಮಾತ್ರವಲ್ಲ, ಮನೆಯವರನ್ನೂ ಕೇಳಿ. ಮೆಡಿಕಲ್ ಶಾಪಿನಿಂದ ತಂದ ಡೈಕ್ಲೊಫಿನಾಕನ್ನು ಯಾರೂ ಔಷಧಿಯ ಪಟ್ಟಿಯಲ್ಲಿ ಹೇಳುವುದಿಲ್ಲ. ಹೊಟ್ಟೆಯ ನೀರನ್ನು ಅದೇ ದಿನ ಸಿರಿಂಜಿನಲ್ಲಿ ತೆಗೆದು ಕಣಗಳ ಎಣಿಕೆಗೆ ಕಳಿಸಿ. ನ್ಯೂಟ್ರೋಫಿಲ್ 250 ಮುಟ್ಟಿದರೆ ಸೋಂಕು ಎಂದು ಹಿಡಿದು ಆಂಟಿಬಯೋಟಿಕ್ ಶುರು ಮಾಡಬೇಕು. ಆಗ ಆಲ್ಬುಮಿನ್ ಲೆಕ್ಕವೂ ಬದಲಾಗುತ್ತದೆ: ಮೊದಲ ದಿನ ಕೆಜಿಗೆ 1.5 ಗ್ರಾಂ, ಮೂರನೇ ದಿನ ಕೆಜಿಗೆ 1 ಗ್ರಾಂ. ನಮ್ಮ ರೋಗಿಯಲ್ಲಿ ಎಣಿಕೆ 110, ಸೋಂಕಿಲ್ಲ. ಮೂತ್ರದಲ್ಲಿ ಪ್ರೋಟೀನ್ ಇಲ್ಲ, ರಕ್ತಕಣ ಇಲ್ಲ, ಸೋಡಿಯಂ 8. ಕಿಡ್ನಿ ಉಪ್ಪನ್ನು ಬಿಗಿಯಾಗಿ ಹಿಡಿದುಕೊಂಡಿದೆ ಅಂದರೆ ಅದರ ಕೊಳವೆಗಳು ಇನ್ನೂ ಕೆಲಸ ಮಾಡುತ್ತಿವೆ. ಆದರೆ ಮೂತ್ರವರ್ಧಕ ತೆಗೆದುಕೊಳ್ಳುತ್ತಿರುವವರಲ್ಲಿ ಸೋಡಿಯಂ ಹೆಚ್ಚು ಬಂದರೆ ಅದರಿಂದ ಏನನ್ನೂ ತೀರ್ಮಾನಿಸಬೇಡಿ. ಮೈಕ್ರೋಸ್ಕೋಪಿನಲ್ಲಿ ಕಂದು ಕಾಸ್ಟುಗಳು ಕಂಡರೂ ಅಷ್ಟೇ ಎಚ್ಚರ ಬೇಕು. ಕಾಮಾಲೆ ತೀವ್ರವಾಗಿದ್ದರೆ ಪಿತ್ತದ ಬಣ್ಣ ಹತ್ತಿದ ಕಾಸ್ಟುಗಳು ಕೊಳವೆ ಸತ್ತವರ ಕಾಸ್ಟಿನಂತೆಯೇ ಕಾಣುತ್ತವೆ.

ಈಗ ಆಲ್ಬುಮಿನ್. 2015ರ ಮಾನದಂಡದ ಪ್ರಕಾರ ದಿನಕ್ಕೆ ಕೆಜಿಗೆ 1 ಗ್ರಾಂನಂತೆ, ಗರಿಷ್ಠ 100 ಗ್ರಾಂ, ಎರಡು ದಿನ ಕೊಟ್ಟು ಕಾಯಬೇಕಿತ್ತು. ಇವರಿಗಾದರೆ ದಿನಕ್ಕೆ ಮೂರು ಬಾಟಲಿ. 2024ರಲ್ಲಿ ಬಂದ ಪರಿಷ್ಕೃತ ಮಾನದಂಡ ಆ ಎರಡು ದಿನದ ಕಡ್ಡಾಯವನ್ನು ಕೈಬಿಟ್ಟಿತು. ದ್ರವ ಬೇಕಿದ್ದವರಿಗೆ ಮಾತ್ರ ಕೊಟ್ಟು 24 ಗಂಟೆಯಲ್ಲಿ ತೀರ್ಮಾನಿಸಿ ಎನ್ನುತ್ತದೆ. ಈ ಬದಲಾವಣೆ ಬಹಳ ಹಿಂದೆಯೇ ಬರಬೇಕಿತ್ತು ಎಂಬುದು ನಮ್ಮ ಅಭಿಪ್ರಾಯ. ಹಿಗ್ಗಿದ ನಾಳಗಳನ್ನು ಕುಗ್ಗಿಸುವ ಔಷಧಿ ಟೆರ್ಲಿಪ್ರೆಸಿನ್. ಕ್ರಿಯಾಟಿನಿನ್ ಕಡಿಮೆ ಇರುವಾಗಲೇ ಅದು ಶುರುವಾದರೆ ಫಲ ಹೆಚ್ಚು. 5 ದಾಟಿದ ಮೇಲೆ ಅದರಿಂದ ಪ್ರಯೋಜನವಾಗುವ ಸಾಧ್ಯತೆ ತೀರಾ ಕಡಿಮೆ. ಸುಮ್ಮನೆ ಕಾಯುವ ಎರಡನೇ ದಿನ ರೋಗಿಯ ಲೆಕ್ಕದಿಂದಲೇ ಕಳೆಯುತ್ತದೆ.

ಇನ್ನೊಂದು ಅಪಾಯ ಅತಿಯಾಗಿ ಕೊಡುವುದು. ಎರಡು ದಿನ 120 ಗ್ರಾಂ ಹಾಕಿ, ಅದರ ಮೇಲೆ ಸಲೈನ್ ಕೂಡ ಹರಿಸಿ, ಆಮೇಲೆ ಟೆರ್ಲಿಪ್ರೆಸಿನ್ ಕೊಟ್ಟರೆ ನಾಳಗಳು ಕುಗ್ಗಿ, ತುಂಬಿದ ರಕ್ತವೆಲ್ಲ ಹೃದಯದ ಮೇಲೆ ಬೀಳುತ್ತದೆ. 2021ರಲ್ಲಿ ಪ್ರಕಟವಾದ ಕನ್‌ಫರ್ಮ್ ಅಧ್ಯಯನದಲ್ಲಿ ಈ ಔಷಧಿಯಿಂದ ಕಿಡ್ನಿ ಚೇತರಿಸಿಕೊಂಡವರು ಹೆಚ್ಚು, ಜೊತೆಗೆ ಉಸಿರಾಟ ಕೈಕೊಟ್ಟವರೂ ಹೆಚ್ಚು. ಹಾಗಾಗಿ ಪ್ರತಿ ಬಾಟಲಿಗೆ ಮುಂಚೆ ಎದೆಗೆ ಸ್ಟೆತ್ ಇಟ್ಟು ಕೇಳಿ, ಉಸಿರು ಎಣಿಸಿ, ಕುತ್ತಿಗೆಯ ನಾಳ ನೋಡಿ. ಆಕ್ಸಿಜನ್ ಪ್ರಮಾಣ 90ಕ್ಕಿಂತ ಕೆಳಗಿದ್ದರೆ ಟೆರ್ಲಿಪ್ರೆಸಿನ್ ಶುರು ಮಾಡುವಂತಿಲ್ಲ. ಇಸಿಜಿ ತೆಗೆಯದೆಯೂ ಬೇಡ. ಹೃದಯದ ನಾಳದಲ್ಲಿ ಅಥವಾ ಕಾಲಿನ ನಾಳದಲ್ಲಿ ಅಡಚಣೆ ಇರುವವರಿಗೆ ಇದು ಸಲ್ಲದು.

ಮರುದಿನ ಕ್ರಿಯಾಟಿನಿನ್ 2.1. ಎದೆ ಸ್ವಚ್ಛ, ಆಕ್ಸಿಜನ್ 96. ಶುರು ಮಾಡುವ ಹೊತ್ತು ಇದೇ. ಆರು ಗಂಟೆಗೊಮ್ಮೆ ಇಂಜೆಕ್ಷನ್ ಚುಚ್ಚುವ ಬದಲು ಸಿರಿಂಜ್ ಪಂಪಿನಲ್ಲಿ ಹರಿಸುವುದು ಒಳ್ಳೆಯದು. ಕಡಿಮೆ ಔಷಧಿಯಲ್ಲೇ ಅಷ್ಟೇ ಫಲ ಸಿಗುತ್ತದೆ, ಹೊಟ್ಟೆ ನುಲಿತ, ಭೇದಿಯಂಥ ತೊಂದರೆಯೂ ಕಡಿಮೆ. 1 ಮಿಗ್ರಾಂನ ಎರಡು ವಯಲ್ ಅನ್ನು 5 ಶೇಕಡಾ ಡೆಕ್ಸ್‌ಟ್ರೋಸಿನಲ್ಲಿ ಒಟ್ಟು 48 ಎಂಎಲ್ ಮಾಡಿ ಗಂಟೆಗೆ 2 ಎಂಎಲ್ ಬಿಟ್ಟರೆ 24 ಗಂಟೆಗೆ ಸರಿಹೋಗುತ್ತದೆ. ಜೊತೆಗೆ ದಿನಕ್ಕೆ ಒಂದು ಬಾಟಲಿ ಆಲ್ಬುಮಿನ್ ಸಾಕು. ಉಸಿರು ಭಾರವಾದರೆ ಅದನ್ನೂ ನಿಲ್ಲಿಸಿ.

ಎರಡು ದಿನದ ನಂತರ 1.8. ಇಳಿದಿದೆ ಎಂದು ಸಮಾಧಾನಪಟ್ಟುಕೊಂಡು ಅದೇ ಪ್ರಮಾಣ ಮುಂದುವರಿಸುವುದು ಸಾಮಾನ್ಯ ತಪ್ಪು. ಇಳಿಕೆ 14 ಶೇಕಡಾ ಮಾತ್ರ, ಕನಿಷ್ಠ 25 ಶೇಕಡಾ ಇಳಿಯಬೇಕು. ದಿನಕ್ಕೆ 4 ಮಿಗ್ರಾಂಗೆ ಏರಿಸಿ. ಅಗತ್ಯ ಬಿದ್ದರೆ ಹಂತ ಹಂತವಾಗಿ 12ರ ತನಕ ಹೋಗಬಹುದು. ಮುಂದಿನ ದಿನಗಳಲ್ಲಿ ಸರಾಸರಿ ಒತ್ತಡ 82ಕ್ಕೆ ಏರಿ, ಕ್ರಿಯಾಟಿನಿನ್ 1.4, ಆಮೇಲೆ 1.0. ಹಳೆಯ 0.8ರಿಂದ 0.3ರೊಳಗೆ ಬಂದಿತೆಂದರೆ ಪೂರ್ಣ ಫಲ, ಔಷಧಿ ನಿಲ್ಲಿಸಬಹುದು. ಎಷ್ಟೇ ಆದರೂ 14 ದಿನ ದಾಟಬಾರದು. ನರ್ಸ್‌ಗಳು ಪ್ರತಿ ಪಾಳಿಯಲ್ಲೂ ಕಾಲುಬೆರಳು, ಕೈಬೆರಳಿನ ತುದಿಗಳನ್ನು ನೋಡಿ ಚಾರ್ಟಿನಲ್ಲಿ ಬರೆಯಬೇಕು. ನೀಲಿಗಟ್ಟಿ ತಣ್ಣಗಾದರೆ ಪಂಪು ತಕ್ಷಣ ನಿಲ್ಲಬೇಕು.

ಟೆರ್ಲಿಪ್ರೆಸಿನ್ ಸಲ್ಲದವರಿಗೆ ಐಸಿಯುನಲ್ಲಿ ನಾರ್‌ಅಡ್ರಿನಲಿನ್ ಇದೆ. ಗಂಟೆಗೆ 0.5 ಮಿಗ್ರಾಂನಿಂದ ಶುರು ಮಾಡಿ ಸರಾಸರಿ ಒತ್ತಡ ಕನಿಷ್ಠ 10 ಏರುವ ತನಕ ಹೆಚ್ಚಿಸುತ್ತಾರೆ. ಮಿಡೋಡ್ರಿನ್ ಮಾತ್ರೆ ಮತ್ತು ಆಕ್ಟ್ರಿಯೋಟೈಡ್ ಜೋಡಿಯ ಫಲ ಕಡಿಮೆ, ಬೇರೇನೂ ಸಿಗದಾಗ ಮಾತ್ರ.

ಫಲ ಸಿಕ್ಕಿದರೂ ಲಿವರ್ ಹಾಗೆಯೇ ಇದೆ, ಔಷಧಿ ನಿಲ್ಲಿಸಿದ ಮೇಲೆ ಕೆಲವರಲ್ಲಿ ಮತ್ತೆ ಬರುತ್ತದೆ. ಆಗ ಅದೇ ಚಿಕಿತ್ಸೆಯನ್ನು ಮತ್ತೆ ಕೊಡಬಹುದು. ಕಸಿಗೆ ಅರ್ಹರಾದವರ ಹೆಸರನ್ನು ಔಷಧಿ ಶುರುವಾಗುವ ದಿನವೇ ಕಸಿ ತಂಡಕ್ಕೆ ತಲುಪಿಸಿ. ಕರ್ನಾಟಕದಲ್ಲಿ ಮೃತ ದಾನಿಯ ಲಿವರ್‌ಗೆ ಜೀವಸಾರ್ಥಕತೆಯಲ್ಲಿ ನೋಂದಣಿಯಾಗಬೇಕು, ಅದಕ್ಕೆ ಬೇಕಾದ ಪರೀಕ್ಷೆಗಳಿಗೇ ದಿನಗಳು ಹಿಡಿಯುತ್ತವೆ. ಕ್ರಿಯಾಟಿನಿನ್ ಇಳಿದರೆ ಲಿವರ್ ರೋಗದ ತೀವ್ರತೆ ಅಳೆಯುವ ಮೆಲ್ಡ್ ಅಂಕವೂ ಇಳಿಯುತ್ತದೆ, ಆದ್ದರಿಂದ ಚಿಕಿತ್ಸೆಗೆ ಮುಂಚಿನ ಸಂಖ್ಯೆಯನ್ನು ಪತ್ರದಲ್ಲಿ ಬರೆಯಲು ಮರೆಯಬೇಡಿ. ಡಯಾಲಿಸಿಸ್ ಕಸಿಯ ತನಕ ದಾಟಿಸುವುದಕ್ಕಷ್ಟೇ. ಕಸಿಯ ದಾರಿ ಇಲ್ಲದವರಲ್ಲಿ ಅದರಿಂದ ಎಷ್ಟು ದಿನ ಸಿಗಬಹುದು, ಆ ದಿನಗಳು ಹೇಗಿರುತ್ತವೆ ಎಂಬುದನ್ನು ಕ್ಯಾತಿಟರ್ ಹಾಕುವ ಮುಂಚೆಯೇ ಮನೆಯವರ ಜೊತೆ ಕೂತು ಬಿಡಿಸಿ ಹೇಳಬೇಕು.