ಹಗರೆಯಿಂದ ಹಾಸನಕ್ಕೆ, ಹನ್ನೊಂದು ಗಂಟೆಯೊಳಗೆ

14 ಜುಲೈ 2025, ಸೋಮವಾರ, ರಾತ್ರಿ

ಸಂಜೆ ಹಾಲು ಹಾಕಿ ಬರುತ್ತಾ ಕೆಳಗಿನ ಮನೆ ಚಿಕ್ಕಮ್ಮ ಜಗಲಿ ಮೇಲೆ ಕೂತರು. ಕೈಯಲ್ಲಿ ನೋಟಿಸು. "ನಾಳೆ ಹನ್ನೊಂದು ಗಂಟೆಗೆ ಬರ್ಬೇಕಂತೆ ಕಣಪ್ಪ. ಬೇಲೂರಿಗೆ ಹೋಗಿ ಸಕಲೇಶಪುರದ ಬಸ್ ಹತ್ತಿದ್ರೆ ಸಾಕಲ್ವಾ? ಹೋದ್ಸಲನೂ ಅಲ್ಲಿಗೇ ಹೋಗಿದ್ದೆ."

ನೋಟಿಸು ತೆಗೆದುಕೊಂಡು ತಲೆಬರಹ ಓದಿದೆ. "ಜಿಲ್ಲಾಧಿಕಾರಿಗಳ ನ್ಯಾಯಾಲಯ, ಹಾಸನ" ಅಂತ ಇದೆ. ಚಿಕ್ಕಮ್ಮ ತಪ್ಪು ತಿಳಿದುಕೊಂಡದ್ದರಲ್ಲಿ ಆಶ್ಚರ್ಯವಿಲ್ಲ. ನಮ್ಮ ಬೇಲೂರು ತಾಲ್ಲೂಕು ಸಕಲೇಶಪುರ ಉಪವಿಭಾಗಕ್ಕೆ ಸೇರಿದ್ದು. ಖಾತೆ ವಿಚಾರದಲ್ಲಿ ತಹಸೀಲ್ದಾರರ ಕಡೆಯಿಂದ ಆದ ಆದೇಶದ ಮೇಲಿನ ಮೇಲ್ಮನವಿ ಸಕಲೇಶಪುರದ ಎ.ಸಿ., ಅಂದರೆ ಉಪವಿಭಾಗಾಧಿಕಾರಿಗಳ ಮುಂದೆ ನಡೆಯುತ್ತದೆ. ಭೂಕಂದಾಯ ಕಾಯ್ದೆಯ 136(2) ಅಂದರೆ ಅದೇ. ಹಾಗಾಗಿ ಹೋದ ಬಾರಿ ಸಕಲೇಶಪುರಕ್ಕೆ ಹೋದದ್ದು ಸರಿಯಾಗಿತ್ತು. ಆ ಆದೇಶ ಒಪ್ಪದೆ ಚಿಕ್ಕಮ್ಮನ ಮೈದುನ ಈಗ 136(3)ರ ಕೆಳಗೆ ಜಿಲ್ಲಾಧಿಕಾರಿಗಳ ಹತ್ತಿರ ಹೋಗಿದ್ದಾರೆ. ಅದು ನಡೆಯುವುದು ಹಾಸನದಲ್ಲಿ. ಜಮೀನು ಅದೇ, ಜಗಳ ಅದೇ, ಊರು ಮಾತ್ರ ಬೇರೆ. ನಾಳೆ ಬೆಳಿಗ್ಗೆ ಸಕಲೇಶಪುರದಲ್ಲಿ ಇಳಿದಿದ್ದರೆ ಅಲ್ಲಿಂದ ಹಾಸನಕ್ಕೆ ಇನ್ನೂ ಒಂದು ಗಂಟೆಯ ದಾರಿ, ಅಷ್ಟರಲ್ಲಿ ಹೆಸರು ಕೂಗಿ ಮುಗಿದಿರುತ್ತಿತ್ತು.

ನೋಟಿಸಿನಲ್ಲಿ ದಿನಾಂಕವನ್ನಷ್ಟೇ ನೋಡಿ ಮಡಚಿ ಇಡುವವರೇ ಹೆಚ್ಚು. ತಲೆಬರಹವನ್ನು ಅಕ್ಷರ ಅಕ್ಷರ ಓದಬೇಕು. "ಜಿಲ್ಲಾಧಿಕಾರಿ" ಎಂಬುದರ ಹಿಂದೆ "ಅಪರ" ಅಂತ ಇದ್ದರೆ ವಿಚಾರಣೆ ಮಾಡುವವರೇ ಬೇರೆ, ಕೂರುವ ಕೋಣೆಯೂ ಬೇರೆ. ಡಿ.ಸಿ. ಕೋರ್ಟಿನ ಬಾಗಿಲಲ್ಲಿ ಕಾಯುತ್ತಾ ಇರುವಾಗ ಪಕ್ಕದ ಕೋಣೆಯಲ್ಲಿ ನಿಮ್ಮ ಹೆಸರು ಕೂಗಿದರೆ ಯಾರಿಗೆ ಕೇಳುತ್ತದೆ?

ಇನ್ನು ಹೊತ್ತಿನ ಲೆಕ್ಕ. ಇದನ್ನು ಮನೆಯಿಂದ ಹಾಕಬಾರದು, ಕಚೇರಿಯಿಂದ ಹಿಂದಕ್ಕೆ ಹಾಕುತ್ತಾ ಬರಬೇಕು. ಹನ್ನೊಂದಕ್ಕೆ ವಿಚಾರಣೆ ಅಂದರೆ ಹತ್ತೂವರೆಗೆ ಅಲ್ಲಿರಬೇಕು. ಅಂದಿನ ಪ್ರಕರಣಗಳ ಪಟ್ಟಿಯಲ್ಲಿ ತಮ್ಮದು ಎಷ್ಟನೆಯದು ನೋಡಬೇಕು, ವಕೀಲರನ್ನು ಹುಡುಕಿ ಮಾತಾಡಬೇಕು. ಹೊಸ ಬಸ್ ನಿಲ್ದಾಣದಿಂದ ರೈಲ್ವೆ ಮೇಲ್ಸೇತುವೆ ದಾಟಿ ಎನ್.ಆರ್. ಸರ್ಕಲ್, ಅಲ್ಲಿಂದ ಬಿ.ಎಂ. ರಸ್ತೆ. ಗಟ್ಟಿ ಕಾಲಿದ್ದವರಿಗೂ ಇಪ್ಪತ್ತು ನಿಮಿಷ ಇಟ್ಟುಕೊಳ್ಳುವುದು ಒಳ್ಳೆಯದು. ಚಿಕ್ಕಮ್ಮನಿಗೆ ಮಂಡಿನೋವು, ಸೇತುವೆಯ ಏರು ಬೇಡ, ಅಷ್ಟಕ್ಕೆ ಮಾತ್ರ ಆಟೋ ಮಾಡಿಕೊಳ್ಳಲಿ. ಅಂದರೆ ಹತ್ತು ಗಂಟೆಗೆ ನಿಲ್ದಾಣದಲ್ಲಿ ಇಳಿದಿರಬೇಕು. ಬೇಲೂರು-ಹಾಸನ ರಸ್ತೆಯಲ್ಲಿರುವ ಹಗರೆಯಿಂದ ಬಸ್ಸಿಗೆ ನಿಲುಗಡೆಗಳೆಲ್ಲ ಸೇರಿ ಒಂದು ಗಂಟೆ ಹಿಡಿದರೆ ಒಂಬತ್ತಕ್ಕೆ ಹಗರೆ ಬಿಡಬೇಕು.

ಕಾಗದದ ಮೇಲೆ ಲೆಕ್ಕ ಸರಿಯಾಗಿಯೇ ಕಾಣುತ್ತದೆ. ಕೆಡುವುದು ಹಗರೆಯಲ್ಲೇ. ಎಂಟರಿಂದ ಒಂಬತ್ತೂವರೆಯವರೆಗೆ ಬೇಲೂರು ಕಡೆಯಿಂದ ಬರುವ ಬಸ್ಸುಗಳಲ್ಲಿ ಕಾಲೇಜು ಮಕ್ಕಳು ಬಾಗಿಲವರೆಗೂ ನಿಂತಿರುತ್ತಾರೆ. ಚಿಕ್ಕಮಗಳೂರಿಂದಲೇ ತುಂಬಿ ಬಂದ ಎಕ್ಸ್‌ಪ್ರೆಸ್ ಕೈ ಅಡ್ಡ ಹಾಕಿದರೂ ನಿಲ್ಲುವುದಿಲ್ಲ. ಒಂದು ಬಸ್ಸು ಬಿಟ್ಟರೆ ಮುಂದಿನದಕ್ಕೆ ಕಾಯಬೇಕು, ಅದೂ ತುಂಬಿದ್ದರೆ ಅಲ್ಲಿಗೆ ಅರ್ಧ ಗಂಟೆ ಹೋಯಿತು. ಹಾಗಾಗಿ ಕೈಯಲ್ಲಿ ಉಳಿಸಿಕೊಳ್ಳುವ ಹೊತ್ತು ಹಗರೆಯಲ್ಲಿ ಇರಬೇಕು. "ಹಾಸನಕ್ಕೆ ಬೇಗ ಹೋಗಿ ಅಲ್ಲೇ ತಿಂಡಿ ತಿಂದರಾಯ್ತು" ಅಂತ ಹಿಂದಿನ ಹೆಜ್ಜೆಗಳನ್ನು ಬಿಗಿ ಮಾಡಿಕೊಳ್ಳುವವರು ಸಿಕ್ಕಿಬೀಳುವುದು ಇಲ್ಲೇ. ಎಂಟೂಕಾಲಿಗೇ ಹಗರೆಯಲ್ಲಿ ನಿಂತಿರಬೇಕು. ಬೇಲೂರಿನಿಂದಲೇ ಹೊರಡುವ ಆರ್ಡಿನರಿ ಬಂದರೆ ಎಕ್ಸ್‌ಪ್ರೆಸ್ಸಿನ ಆಸೆಗೆ ಅದನ್ನು ಬಿಡಬಾರದು.

ಅದಕ್ಕೆ ಊರಿನಿಂದ ಏಳೂಮುಕ್ಕಾಲಿಗೆ ಆಪೆ ಆಟೋ ಹೊರಡಬೇಕು. ಆಪೆ ಗಡಿಯಾರ ನೋಡಿ ಹೊರಡುವುದಲ್ಲ, ಜನ ತುಂಬಿದಾಗ ಹೊರಡುವುದು. ನಮ್ಮೂರಲ್ಲಿ ಜನ ತುಂಬುವುದು ಡೈರಿಯಲ್ಲಿ ಹಾಲು ಅಳೆದು ಮುಗಿದ ಮೇಲೆ. ಕ್ಯಾನು ತೊಳೆದಿಟ್ಟು, ಬಟ್ಟೆ ಬದಲಾಯಿಸಿ ಹೆಂಗಸರು ಬರುವಷ್ಟರಲ್ಲಿ ಎಂಟು. ಮಳೆ ಇದ್ದರೆ ಎಂಟೂಕಾಲು. ಅಷ್ಟರಲ್ಲಿ ನಮ್ಮ ಲೆಕ್ಕದ ಉಳಿತಾಯವೆಲ್ಲ ಕರಗಿಹೋಗಿರುತ್ತದೆ. ಆದ್ದರಿಂದ ಡ್ರೈವರ್‌ಗೆ ಈ ರಾತ್ರಿಯೇ ಹೇಳಬೇಕು: ಏಳೂಮುಕ್ಕಾಲಿಗೆ ತೆಗಿ, ಖಾಲಿ ಉಳಿದ ಸೀಟಿನ ದುಡ್ಡು ನಾವು ಕೊಡ್ತೀವಿ. ನಾಲ್ಕು ಜನ ಹತ್ತಿ ಉಳಿದ ನಾಲ್ಕರ ದುಡ್ಡು ಕೊಟ್ಟರೂ ಇಡೀ ದಾರಿಗೆ ಬಾಡಿಗೆ ಕಾರು ಮಾಡುವುದಕ್ಕಿಂತ ಎಷ್ಟೋ ಕಡಿಮೆ. ನಾಳೆ ಹಗರೆಗೆ ಹೋಗುವವರು ಬೇರೆ ಯಾರಿದ್ದಾರೆ ಅಂತ ಡೈರಿಯಲ್ಲಿ ಕೇಳಿದರೆ ಅದೂ ಉಳಿಯಬಹುದು.

"ಬಸ್ಸಿಗೆ ದುಡ್ಡಿಲ್ವಲ್ಲ?" ಅಂದರು ಚಿಕ್ಕಮ್ಮ. ಹೌದು, ಶಕ್ತಿ ಯೋಜನೆ ಶುರುವಾದ 2023ರ ಜೂನ್‌ನಿಂದ ಸರ್ಕಾರಿ ಬಸ್ಸಿಗಿಲ್ಲ. ಆದರೂ ಆಧಾರ್ ತೋರಿಸಿ ಶೂನ್ಯ ಟಿಕೆಟ್ ತೆಗೆದುಕೊಳ್ಳಲೇಬೇಕು, ಇಳಿಯುವವರೆಗೆ ಇಟ್ಟುಕೊಳ್ಳಬೇಕು. ಖಾಸಗಿ ಬಸ್ಸು ಹತ್ತಿದರೆ ಪೂರ್ತಿ ಟಿಕೆಟ್ ದುಡ್ಡು. ಮತ್ತೆ ಆಧಾರನ್ನು ಪತ್ರಗಳ ಕವರಿನೊಳಗೆ ತುರುಕಬೇಡಿ ಚಿಕ್ಕಮ್ಮ, ಮೇಲಿನ ಪರ್ಸಿನಲ್ಲಿಡಿ ಅಂದೆ. ನೂಕುನುಗ್ಗಲಲ್ಲಿ ಅದನ್ನು ಹುಡುಕಲು ಕವರು ಬಿಚ್ಚಿದಾಗಲೇ ಪಹಣಿ ಜಾರಿ ಬಿದ್ದು ನೆನೆಯುವುದು. ಆಷಾಢದ ಜಡಿ ಹಿಡಿದಿದೆ. ಪತ್ರಗಳಿಗೆ ಎರಡು ಪ್ಲಾಸ್ಟಿಕ್ ಕವರು, ಒಂದರ ಬಾಯಿ ಮೇಲೆ, ಇನ್ನೊಂದರದ್ದು ಕೆಳಗೆ.

ಇದಕ್ಕೆಲ್ಲ ಮೊದಲು ಮಾಡಬೇಕಾದ ಕೆಲಸ ಒಂದಿದೆ. ನಾಳೆ ಡಿ.ಸಿ. ಕೂರುತ್ತಾರಾ ಅನ್ನುವುದು. ಸಚಿವರು ಬಂದರೆ, ವಿಡಿಯೋ ಸಭೆ ಇದ್ದರೆ, ಮಳೆಗೆ ಎಲ್ಲಾದರೂ ಗುಡ್ಡ ಕುಸಿದರೆ ವಿಚಾರಣೆ ಮುಂದಕ್ಕೆ ಹೋಗುತ್ತದೆ, ಹಳ್ಳಿಯಿಂದ ಬರುವವರಿಗೆ ಯಾರೂ ತಿಳಿಸುವುದಿಲ್ಲ. ವಕೀಲರಿಗೆ ಈಗೊಮ್ಮೆ, ಬೆಳಿಗ್ಗೆ ಏಳಕ್ಕೆ ಮತ್ತೊಮ್ಮೆ ಫೋನ್ ಮಾಡಲೇಬೇಕು. ಈಗಿನ ಫೋನಿಗೆ "ಇದೆ, ಬನ್ನಿ" ಅಂದರು. ಒಂದು ದಿನದ ಕೂಲಿ ಬಿಟ್ಟು, ದನ ಯಾರಿಗೋ ಒಪ್ಪಿಸಿ, ಮೂರು ಗಾಡಿ ಬದಲಾಯಿಸಿ ಬಂದವರಿಗೆ "ಇವತ್ತಿಲ್ಲ, ಮುಂದಿನ ತಾರೀಕು" ಅನ್ನುವುದಿದೆಯಲ್ಲ, ನನಗೆ ಅದನ್ನು ನೆನೆದರೇ ಸಂಕಟ.

ವಾಪಸ್ಸಿನದ್ದು ಇನ್ನೂ ಹೇಳಿಲ್ಲ. ಬೆಳಿಗ್ಗೆ ಕೂಗದಿದ್ದರೆ ಊಟದ ನಂತರ ಅನ್ನುತ್ತಾರೆ. ಅದು ನಾಲ್ಕೂ ಆಗಬಹುದು. ಹಗರೆಯಲ್ಲಿ ಆಪೆ ತುಂಬುವುದು ಸಂಜೆ ಮಕ್ಕಳು ಇಳಿಯುವ ಹೊತ್ತಿಗೆ. ಆಮೇಲೆ ಕತ್ತಲಾದಂತೆ ಜನ ಸಾಲುವುದಿಲ್ಲ, ಡ್ರೈವರ್ ಮನೆಗೆ ಹೋಗುತ್ತಾನೆ. ನಾಲ್ಕೂವರೆಗೆ ಹಾಸನದ ನಿಲ್ದಾಣದಲ್ಲಿದ್ದರೆ ಅದು ಸಿಗುತ್ತದೆ. ನಾಲ್ಕಾದರೂ ಹೆಸರು ಬರದಿದ್ದರೆ ವಕೀಲರ ಹತ್ತಿರ ಹೇಳಿ ಹೊರಡುವುದಾ, ಅಥವಾ ಕೂತು ಮುಗಿಸಿಕೊಂಡು ಹಗರೆಯಿಂದ ಆಪೆಯನ್ನು ಪೂರ್ತಿ ಬಾಡಿಗೆಗೆ ಹಿಡಿಯುವುದಾ? ಚಿಕ್ಕಮ್ಮ "ನೋಡಾಣ" ಅಂದು ಎದ್ದು ಹೋದರು. ಪಟ್ಟಿಯಲ್ಲಿ ಎಷ್ಟನೇ ನಂಬರು ಅಂತ ಬೆಳಿಗ್ಗೆಯೇ ಗೊತ್ತಾದರೆ ಅದನ್ನು ಅಲ್ಲೇ ತೀರ್ಮಾನಿಸಬಹುದು. ಆಪೆಯವನು ಇನ್ನೂ ಫೋನ್ ಎತ್ತಿಲ್ಲ. ಎತ್ತದೇ ಹೋದರೆ ಬೆಳಿಗ್ಗೆ ಆರಕ್ಕೇ ಅವನ ಮನೆ ಹತ್ತಿರ ಹೋಗಿ ಹೇಳಬೇಕು.