ಇಪ್ಪತ್ತು ಸಾವಿರ ಅಂದ್ರೆ ಕೈಗೆ ಎಷ್ಟು?

ಕುಷ್ಟಗಿ ತಾಲ್ಲೂಕಿನ ನಮ್ಮೂರಲ್ಲಿ ಮೊನ್ನೆ ಹುಡುಗ ಹುಡುಗಿಯರ ಮುಂದೆ ಮಾತಾಡಲು ಕರೆದಿದ್ದರು. ಇಳಕಲ್ ದಾಟಿ ಹೊರಗೆ ಕೆಲಸ ಹುಡುಕೋದು ಹೇಗೆ, ಅದು ಒಳ್ಳೆಯದೋ ಅಲ್ವೋ ಅಂತ ತಿಳಿಯೋದು ಹೇಗೆ ಅನ್ನೋದು ವಿಷಯ. ನಾನು ಪೀಣ್ಯದ ಫ್ಯಾಕ್ಟರಿಯೊಂದರಲ್ಲಿ ಸಂಬಳದ ಲೆಕ್ಕ ನೋಡುವವನು. ಹಾಗಾಗಿ ಭಾಷಣ ಬಿಟ್ಟು ಲೆಕ್ಕವನ್ನೇ ಹಿಡಿದೆ.

ಐಟಿಐ ಮುಗಿಸಿದ ಹುಡುಗನೊಬ್ಬ ಮೊಬೈಲ್ ಮುಂದೆ ಹಿಡಿದ. 'ಅಣ್ಣಾರ, ಇದು ಹೆಂಗ ಐತಿ ನೋಡ್ರಿ.' ಬೆಂಗಳೂರಿನ ಹತ್ತಿರದ ಫ್ಯಾಕ್ಟರಿ, ತಿಂಗಳಿಗೆ 20,000 ಸಿಟಿಸಿ, ನೇರ ಸೇರ್ಪಡೆ, ಯೂನಿಫಾರ್ಮಿಗೆ 1,500 ಮುಂಗಡ. ಫ್ಯಾಕ್ಟರಿಯ ಹೆಸರೇ ಇಲ್ಲ!

ಬೋರ್ಡ್ ಮೇಲೆ ಒಂದು ಮಾದರಿ ಬರೆದೆ. ಸಿಟಿಸಿ ಅಂದ್ರೆ ನಿಮಗಾಗಿ ಕಂಪನಿ ಮಾಡುವ ಒಟ್ಟು ಖರ್ಚು, ನಿಮ್ಮ ಸಂಬಳ ಅಲ್ಲ. ಬೇಸಿಕ್ ಮತ್ತು ಡಿಎ ಸೇರಿ 14,000, ಮನೆ ಬಾಡಿಗೆ ಭತ್ಯೆ 2,500 ಅಂತಿಟ್ಟುಕೊಳ್ಳಿ. ಒಟ್ಟು 16,500. ಉಳಿದ ಮೂರೂವರೆ ಸಾವಿರ ಎಲ್ಲಿ ಹೋಯ್ತು? ಕಂಪನಿ ಕಟ್ಟುವ ಪಿಎಫ್, ಇಎಸ್‌ಐ, ವರ್ಷದ ಕೊನೆಗೆ ಕೊಡುವ ಬೋನಸ್, ಎಲ್ಲವನ್ನೂ ಆ ಇಪ್ಪತ್ತರೊಳಗೇ ಸೇರಿಸಿರುತ್ತಾರೆ. ಇನ್ನು ನಿಮ್ಮ ಪಾಲಿನ ಪಿಎಫ್ 14,000ಕ್ಕೆ 12%, ಅಂದ್ರೆ 1,680. ಇಎಸ್‌ಐ 16,500ಕ್ಕೆ 0.75%, ಅಂದ್ರೆ 124. ಎರಡನ್ನೂ ಕಳೆದರೆ 14,696. ಕ್ಯಾಂಟೀನ್, ಬಸ್ಸು ಅಂತ ಒಂದು ಏಳುನೂರು ಹಿಡಿದರೆ ಬ್ಯಾಂಕಿಗೆ ಬೀಳೋದು ಸುಮಾರು ಹದಿನಾಲ್ಕು ಸಾವಿರ.

ಎಲ್ಲರೂ ಸುಮ್ಮನಾದರು. ಹಾಗಂತ ಇದು ಕೆಟ್ಟ ಕೆಲಸ ಅಂತಲ್ಲ. ಕಡಿತವಾದ ಪಿಎಫ್ ಎಲ್ಲೂ ಹೋಗಿಲ್ಲ. ನಿಮ್ಮ 1,680ರ ಜೊತೆ ಕಂಪನಿಯ ಪಾಲಿನ 514 ರೂಪಾಯಿ ಖಾತೆಗೆ ಸೇರುತ್ತದೆ, ಕಂಪನಿಯ ಇನ್ನೊಂದು 1,166 ಪಿಂಚಣಿಗೆ ಹೋಗುತ್ತದೆ. ಆದರೆ ನಾಲ್ಕು ಜನ ಹಂಚಿಕೊಂಡ ರೂಮಿಗೆ ತಲಾ ಎರಡು ಸಾವಿರ, ರಾತ್ರಿ ಊಟ ಮತ್ತು ರಜೆ ದಿನದ ಊಟಕ್ಕೆ ಮೂರು, ಮೊಬೈಲ್, ಸೋಪು, ಊರಿಗೆ ಬರೋ ಚಾರ್ಜು ಅಂತ ಇನ್ನೆರಡು ಹೋದರೆ ಕೈಲಿ ಉಳಿಯೋದು ಏಳು. ಇಳಕಲ್ಲಿನ ಸೀರೆ ಅಂಗಡಿಯಲ್ಲಿ ಹತ್ತು ಸಾವಿರಕ್ಕೆ ದುಡಿದು, ಮನೇಲೇ ಉಂಡು, ಬಸ್ಸಿಗೆ ಒಂದು ಸಾವಿರ ಕೊಟ್ಟವನ ಹತ್ತಿರ ಒಂಬತ್ತು ಉಳಿಯುತ್ತೆ ಅಲ್ವಾ? ಹಾಗಾದರೆ ಹೊರಗೆ ಯಾಕೆ ಹೋಗಬೇಕು? ಕೆಲಸ ಕಲಿಯೋಕೆ. ಸಿಎನ್‌ಸಿ ಮಷಿನ್ ಮೇಲೆ ನಿಲ್ಲಿಸಿದರೆ ಎರಡು ವರ್ಷದಲ್ಲಿ ನೀವು ಆಪರೇಟರ್, ಬೇರೆ ಕಡೆ ಜಾಸ್ತಿ ಸಂಬಳ ಕೇಳಬಹುದು. ಬಾಕ್ಸ್ ಪ್ಯಾಕ್ ಮಾಡೋಕೆ ನಿಲ್ಲಿಸಿದರೆ ಎರಡು ವರ್ಷದ ಮೇಲೂ ಹೆಲ್ಪರೇ. 'ಯಾವ ಮಷಿನ್, ಯಾವ ಲೈನು' ಅಂತ ಕೇಳದೆ ಬಸ್ಸು ಹತ್ತಬೇಡಿ ಅಂದೆ.

ಆಮೇಲೆ ಅಲ್ಲೇ ಸ್ಪೀಕರ್ ಹಾಕಿ ಆ ನಂಬರಿಗೆ ಫೋನ್ ಮಾಡಿಸಿದೆ. ಹುಡುಗನೇ ಕೇಳಿದ. 'ಕಂಪನಿ ರೋಲಾ, ಕಾಂಟ್ರಾಕ್ಟ್ ರೋಲಾ ಸರ?' ಬಂದ್ಮೇಲೆ ಗೊತ್ತಾಗುತ್ತೆ ಅಂದ ಆ ಕಡೆಯವನು. 'ಇಪ್ಪತ್ತು ಸಾವಿರ ಎಂಟು ತಾಸಿಗೋ, ಓಟಿ ಸೇರ್ಸೋ?' ಕೆಲಸ ಮಾಡಿದಷ್ಟು ದುಡ್ಡು ಅಂದ. 'ಆಫರ್ ಲೆಟರ್ ಮೊದಲ ಕಳಸ್ತೀರೇನ್ರಿ?' ಮೊದಲು ಅಮೌಂಟ್ ಹಾಕಿ, ಸೀಟು ಫುಲ್ ಆಗ್ತಿದೆ ಅಂತ ಫೋನ್ ಇಟ್ಟೇಬಿಟ್ಟ. ಸೇರುವ ಮೊದಲೇ ದುಡ್ಡು ಕೇಳುವವನ ಜೊತೆ ಮಾತು ಅಲ್ಲಿಗೇ ಮುಗಿಸಬೇಕು.

ಓಟಿ ಪ್ರಶ್ನೆ ಸಣ್ಣದಲ್ಲ. ವಾರಕ್ಕೆ 48 ಗಂಟೆ ಮೀರಿದ ಫ್ಯಾಕ್ಟರಿ ಕೆಲಸಕ್ಕೆ ಕಾನೂನಿನ ಪ್ರಕಾರ ದುಪ್ಪಟ್ಟು ದರ ಕೊಡಬೇಕು. ದಿನಾ ಹನ್ನೆರಡು ತಾಸು ದುಡಿಸಿ ಅದನ್ನೂ ಸೇರಿಸಿ 20,000 ಅನ್ನುವವರಿದ್ದಾರೆ. ಇದು ಪತ್ತೆಯಾಗೋದು ಅಲ್ಲೇ ಕೆಲಸ ಮಾಡುವವರ ಸಂಬಳದ ಚೀಟಿಯಲ್ಲಿ. ಹಿಂದೆ ಕೂತಿದ್ದ ಹುಡುಗಿಯೊಬ್ಬಳು ಬಿಡದಿ ಕಡೆ ದುಡಿಯುವ ತನ್ನ ಅಕ್ಕನಿಂದ ಚೀಟಿಯ ಫೋಟೋ ಅಲ್ಲೇ ತರಿಸಿದಳು. ಮೇಲೆ ಇದ್ದದ್ದು ಫ್ಯಾಕ್ಟರಿಯ ಹೆಸರಲ್ಲ, ಗುತ್ತಿಗೆದಾರನದ್ದು, ಅಂದ್ರೆ ಅಕ್ಕ ಕಾಂಟ್ರಾಕ್ಟ್ ರೋಲಿನಲ್ಲಿದ್ದಳು. ಪಿಎಫ್ ಕಡಿತ ಕಾಣಿಸುತ್ತಿತ್ತು. ಆದರೆ ಕಡಿತ ಮಾಡೋದು ಬೇರೆ, ಕಟ್ಟೋದು ಬೇರೆ. ಮುಂದಿನ ತಿಂಗಳ 15ರೊಳಗೆ ಅದನ್ನು ಕಟ್ಟಬೇಕು. ಅಕ್ಕನ ಪಿಎಫ್ ನಂಬರಾದ ಯುಎಎನ್ ಚಾಲೂ ಆಗಿ, ಆಧಾರ್ ಜೋಡಣೆಯಾಗಿದ್ದರೆ, ಅದಕ್ಕೆ ಕೊಟ್ಟ ಮೊಬೈಲಿನಿಂದಲೇ 9966044425ಕ್ಕೆ ಮಿಸ್ಡ್ ಕಾಲ್ ಕೊಡಲಿ, ಕೊನೆಗೆ ಕಟ್ಟಿದ ಹಣ ಮೆಸೇಜಿನಲ್ಲಿ ಬರುತ್ತೆ ಅಂದೆ. ನಂಬರ್ ಬರೆದುಕೊಂಡು ಅಕ್ಕನಿಗೆ ಕಳಿಸಿದಳು. ಹಣ ಬಂದಿಲ್ಲ ಅಂತಾದರೆ ಆ ಚೀಟಿಯನ್ನು ಜೋಪಾನವಾಗಿ ಇಟ್ಟುಕೊಳ್ಳೋಕೆ ಹೇಳು, ಪಿಎಫ್ ಕಚೇರಿಗೆ ದೂರು ಕೊಡುವಾಗ ಅದೇ ದಾಖಲೆ ಅಂತಲೂ ಹೇಳಿದೆ.